ರೆಸ್ಯೂಮೆಯಲ್ಲಿ 92 ಬೇಡ, 71 ಬರೆಯೋಣ



ಹೊಸೂರು ಕಡೆಯ ನಮ್ಮ ಹುಡುಗ ಹುಡುಗಿಯರ ರೆಸ್ಯೂಮೆಗಳು ವಾರಕ್ಕೆ ಒಂದೆರಡಾದರೂ ನಮ್ಮ ಕೈಗೆ ಬರುತ್ತವೆ. "ಬ್ಯಾಂಕಲ್ಲಿದೀರಲ್ಲಣ್ಣ, ಒಂದ್ಸಲ ನೋಡಿಕೊಡಿ" ಅಂತಾರೆ. ಹೆಚ್ಚಿನವು ಕಾಲ್ ಸೆಂಟರ್ ಅಥವಾ ಕಸ್ಟಮರ್ ಸಪೋರ್ಟ್ ಕೆಲಸಕ್ಕೆ. ಅತ್ತಿಬೆಲೆ ದಾಟಿದರೆ ಎಲೆಕ್ಟ್ರಾನಿಕ್ ಸಿಟಿ. ಅಲ್ಲಿ ಕನ್ನಡ, ತಮಿಳು, ತೆಲುಗು ಮಾತಾಡೋರು ಬೇಕು ಅಂತ ಕೇಳ್ತಾರೆ. ನಮ್ಮೂರಿನ ಮಕ್ಕಳಿಗೆ ಈ ಮೂರೂ ಬಾಯಲ್ಲೇ ಇವೆ. ಆದರೂ ಅರ್ಜಿ ಹಾಕಿದವರಿಗೆ ಫೋನ್ ಬರಲ್ಲ.

ಭಾಷೆ ಇಲ್ಲದೆ ಅಲ್ಲ, ಬರೆಯೋ ರೀತಿಯಿಂದ ಬರಲ್ಲ ಅನ್ನೋದು ನಮ್ಮ ಅಭಿಪ್ರಾಯ. ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆ ಪಾಸಾಗೋ ಮುಂಚೆ ನಾವೂ ಹನ್ನೊಂದು ತಿಂಗಳು ಹೆಡ್‌ಸೆಟ್ ಹಾಕಿಕೊಂಡು ಕೂತವರೇ. ಆಗ ನಮ್ಮ ರೆಸ್ಯೂಮೆನೂ ಹೀಗೇ ಇತ್ತು.

ಹೋದ ತಿಂಗಳು ಬಂದ ಒಂದು ರೆಸ್ಯೂಮೆಯನ್ನೇ ತಗೊಳ್ಳೋಣ. ಹೊಸೂರಿನಿಂದ ಒಂಬತ್ತು ಕಿಲೋಮೀಟರ್ ದೂರದ ಹಳ್ಳಿಯ ತಂಗಿ. ಮನೇಲಿ ಕನ್ನಡ, ಶಾಲೇಲಿ ತಮಿಳು, ಅಕ್ಕಪಕ್ಕದ ಮನೆಗಳಲ್ಲಿ ತೆಲುಗು. ಡಿಟಿಎಚ್ ಗ್ರಾಹಕರ ಕರೆ ತಗೊಳ್ಳೋ ಒಂದು ಕಡೆ ಹದಿನಾಲ್ಕು ತಿಂಗಳು ಕೆಲಸ ಮಾಡಿದ್ದಳು. ಆ ಹದಿನಾಲ್ಕು ತಿಂಗಳ ಕೆಲಸ ರೆಸ್ಯೂಮೆಯಲ್ಲಿ ನಾಲ್ಕೇ ಸಾಲು: "ಗ್ರಾಹಕರ ಕರೆಗಳನ್ನು ನಿರ್ವಹಿಸಿದ್ದೇನೆ." "ಉತ್ತಮ ಸಂವಹನ ಕೌಶಲ." "ಬಲ್ಲ ಭಾಷೆಗಳು: ಇಂಗ್ಲಿಷ್, ಹಿಂದಿ, ತಮಿಳು, ತೆಲುಗು, ಕನ್ನಡ." "ಯಾವುದೇ ಪಾಳಿಯಲ್ಲಿ ಕೆಲಸ ಮಾಡಲು ಸಿದ್ಧ."

(ರೆಸ್ಯೂಮೆ ಇಂಗ್ಲಿಷಲ್ಲೇ ಇತ್ತು, ಇಂಗ್ಲಿಷಲ್ಲೇ ಇರಬೇಕು ಕೂಡ. ಅರ್ಥ ತಿಳೀಲಿ ಅಂತ ಇಲ್ಲಿ ಕನ್ನಡದಲ್ಲಿ ಕೊಡ್ತಿದ್ದೇವೆ.)

ಈ ನಾಲ್ಕು ಸಾಲನ್ನು ಯಾರು ಬೇಕಾದರೂ ಬರೀಬಹುದು. ಒಂದು ದಿನವೂ ಕರೆ ತಗೊಳ್ಳದವನೂ ಬರೀಬಹುದು. ತೊಂದರೆ ಇರೋದೇ ಅಲ್ಲಿ.

ಪರಿಹಾರ ಅಂದ್ರೆ ಏನು?

"ನೀನು ತಗೊಂಡ ಕರೆಗಳಲ್ಲಿ ಎಷ್ಟು ಬಗೆಹರಿದವು?" ಅಂತ ಕೇಳಿದೆವು. ತಂಗಿ ಒಂದು ಡೈರಿ ತೆಗೆದಳು. ತಿಂಗಳ ಕೊನೆಗೆ ಟೀಮ್ ಲೀಡರ್ ಹೇಳ್ತಿದ್ದ ಒಟ್ಟು ಲೆಕ್ಕವನ್ನು ಬರೆದಿಟ್ಟುಕೊಂಡಿದ್ದಳು. ಕೊನೆಯ ಮೂರು ತಿಂಗಳು ಸೇರಿ 3,650 ಕರೆ. ಅದರಲ್ಲಿ ಮೇಲಿನವರಿಗೆ, ಅಂದರೆ ಎಸ್ಕಲೇಷನ್‌ಗೆ, ಹೋದದ್ದು 292. "ಉಳಿದ 3,358 ನಾನೇ ಮುಗಿಸಿದ್ದು ಅಣ್ಣ, ಅಂದ್ರೆ ಶೇಕಡಾ 92. ಹಾಗೇ ಬರೀಲಾ?" ಅಂದಳು.

ಬೇಡ ಅಂದೆವು. ಕಾರಣ ಹೇಳೋಕೆ ನಮ್ಮ ಕೌಂಟರಿನ ಉದಾಹರಣೆ ಕೊಟ್ಟೆವು. ಎಟಿಎಂನಲ್ಲಿ ದುಡ್ಡು ಬರಲಿಲ್ಲ, ಖಾತೇಲಿ ಕಡಿತ ಆಗಿದೆ ಅಂತ ಒಬ್ಬರು ಬರ್ತಾರೆ. ನಾವು ದೂರು ದಾಖಲಿಸಿ ನಂಬರ್ ಕೊಡ್ತೇವೆ. ಅದು ಪರಿಹಾರ ಅಲ್ಲ, ದೂರು ಬರೆದುಕೊಂಡಿದ್ದು ಅಷ್ಟೇ. ಆರ್‌ಬಿಐನ 2019ರ ನಿಯಮದಂತೆ ಇಂಥ ದುಡ್ಡು ಐದು ದಿನದೊಳಗೆ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಸೇರಿಸಿ ಕೊಡಬೇಕು. ದುಡ್ಡು ಖಾತೆಗೆ ಬಿದ್ದು, ಆ ಮನುಷ್ಯ ಅದೇ ವಿಷಯಕ್ಕೆ ಮತ್ತೆ ನಮ್ಮ ಕೌಂಟರಿಗೆ ಬರದಿದ್ದಾಗ ಮಾತ್ರ ಅದು ಬಗೆಹರೀತು.

ಕಾಲ್ ಸೆಂಟರಲ್ಲೂ ಲೆಕ್ಕ ಹೀಗೇ. ಅಲ್ಲಿ ಇದಕ್ಕೆ ಫಸ್ಟ್ ಕಾಲ್ ರೆಸಲ್ಯೂಷನ್ ಅಂತಾರೆ, ಚಿಕ್ಕದಾಗಿ ಎಫ್‌ಸಿಆರ್. ಗ್ರಾಹಕ ಮೊದಲ ಸಲ ಫೋನ್ ಮಾಡಿದಾಗಲೇ ಕೆಲಸ ಆಗಬೇಕು. ಆಮೇಲೆ ಒಂದು ಅವಧಿಯೊಳಗೆ ಅದೇ ತೊಂದರೆಗೆ ಅವರು ಮತ್ತೆ ಫೋನ್ ಮಾಡಬಾರದು. ಆ ಅವಧಿ ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತೆ. ಈ ತಂಗಿಯ ಕಡೆ ಏಳು ದಿನ ಇತ್ತು. ಡೈರಿಯಲ್ಲಿ ಅದೂ ಇತ್ತು: ಏಳು ದಿನದಲ್ಲಿ ಮತ್ತೆ ಬರದ ಕರೆಗಳು 2,592. ಲೆಕ್ಕ ಹಾಕಿದರೆ ಶೇಕಡಾ 71.

ಹಾಗಾದರೆ 92ಕ್ಕೂ 71ಕ್ಕೂ ನಡುವೆ ಇದ್ದ 766 ಕರೆ ಎಲ್ಲಿ ಹೋದವು? ಕೆಲವಕ್ಕೆ ಮನೆಗೆ ಟೆಕ್ನಿಷಿಯನ್ ಕಳಿಸಬೇಕಾಯ್ತು. ಡಿಶ್ ತಿರುಗಿದ್ದರೆ, ಬಾಕ್ಸ್ ಸುಟ್ಟಿದ್ದರೆ ಫೋನಲ್ಲಿ ಯಾರೂ ಸರಿಮಾಡೋಕಾಗಲ್ಲ. ಇನ್ನು ಕೆಲವರು ವಾರದೊಳಗೆ ಮತ್ತೆ ಫೋನ್ ಮಾಡಿದ್ದರು. ಇವು ಎಸ್ಕಲೇಟ್ ಆಗಿಲ್ಲ, ಬಗೆಹರಿದೂ ಇಲ್ಲ.

71 ಅನ್ನೋದನ್ನು ಕೇಳಿ ತಂಗಿ ಮುಖ ಸಣ್ಣ ಮಾಡಿದಳು. ಪರೀಕ್ಷೇಲಿ 71 ಅಂದ್ರೆ ಕಡಿಮೆ ಅನ್ನಿಸುತ್ತೆ ನಿಜ. ಆದರೆ ಈ ಕೆಲಸದಲ್ಲಿ ಎಫ್‌ಸಿಆರ್ 70ರ ಆಸುಪಾಸು ಇದ್ದರೆ ಅದನ್ನು ಒಳ್ಳೇದು ಅಂತಲೇ ಎಣಿಸ್ತಾರೆ. ಕರೆ ಕೇಳಿ ಕೇಳಿ ಪಳಗಿದ ಆಪರೇಷನ್ಸ್ ಮ್ಯಾನೇಜರ್ ಮುಂದೆ 92 ಇಟ್ಟರೆ ಅವರ ಮೊದಲ ಪ್ರಶ್ನೆ "ಇದನ್ನ ಹೇಗೆ ಅಳೆದ್ರಿ?" ಅನ್ನೋದೇ. ಅದಕ್ಕೆ ಉತ್ತರ ಇಲ್ಲದಿದ್ದರೆ ಇಂಟರ್‌ವ್ಯೂ ಅಲ್ಲಿಗೇ ನಿಂತಿತು. 71 ಇಟ್ಟರೂ ಅದೇ ಪ್ರಶ್ನೆ ಬರುತ್ತೆ, ಆಗ ಉತ್ತರ ಕೈಯಲ್ಲಿರುತ್ತೆ.

"ಎಲ್ಲರೂ ಜಾಸ್ತೀನೇ ಬರೀತಾರೆ ಅಣ್ಣ, ನಾವೊಬ್ಬರೇ ಕಡಿಮೆ ಬರೆದರೆ ಶಾರ್ಟ್‌ಲಿಸ್ಟೇ ಆಗಲ್ಲ" ಅನ್ನೋ ಮಾತು ಬಹಳ ಸಲ ಕೇಳಿದ್ದೇವೆ. ಆದರೆ ಇಂಥ ಕೆಲಸಕ್ಕೆ ಒಂದೇ ಸಲ ಹತ್ತಾರು ಜನರನ್ನು ತಗೊಳ್ಳೋ ಎಚ್‌ಆರ್‌ನವರು ಮೊದಲು ನೋಡೋದು ಭಾಷೆ, ಆಮೇಲೆ ಪಾಳಿ ಮತ್ತು ಮನೆ ಎಲ್ಲಿದೆ ಅನ್ನೋದು. ಶೇಕಡಾವಾರು ಅಂಕಿ ಕೆಲಸಕ್ಕೆ ಬರೋದು ಎರಡನೇ ಸುತ್ತಲ್ಲಿ, ಕೆಲಸ ಗೊತ್ತಿರೋರ ಮುಂದೆ. ಉಬ್ಬಿಸಿದ ಅಂಕಿಯಿಂದ ಮೊದಲ ಸುತ್ತಲ್ಲಿ ಲಾಭ ಇಲ್ಲ, ಎರಡನೇ ಸುತ್ತಲ್ಲಿ ನಷ್ಟ ಖಂಡಿತ.

ನಿಜವಾದ ಅಂಕಿಯೊಳಗೇ ಒಳ್ಳೆಯದನ್ನು ಹುಡುಕಬಹುದು. ಆ ಡೈರಿಯಲ್ಲಿ ಇನ್ನೊಂದು ವಿಷಯ ಇತ್ತು. ಬಂದ ಕರೆಗಳಲ್ಲಿ ಹತ್ತಕ್ಕೆ ನಾಲ್ಕು ಒಂದೇ ಬಗೆಯವು: ರೀಚಾರ್ಜ್ ಆಗಿದೆ, ಚಾನೆಲ್ ಬರ್ತಿಲ್ಲ. ದುಡ್ಡು ಸೇರಿದೆಯಾ ನೋಡಿ, ಬಾಕ್ಸ್ ಆನ್ ಮಾಡಿಸಿ, ರಿಫ್ರೆಶ್ ಸಿಗ್ನಲ್ ಕಳಿಸಿ, ಚಿತ್ರ ಬರೋವರೆಗೂ ಗ್ರಾಹಕರನ್ನು ಲೈನಲ್ಲೇ ಇಟ್ಟುಕೊಳ್ಳೋದು ಇದರ ಕ್ರಮ. ಇಂಥ ಕರೆಗಳಲ್ಲಿ ಹತ್ತಕ್ಕೆ ಒಂಬತ್ತು ಮೊದಲ ಸಲಕ್ಕೇ ಮುಗಿದಿದ್ದವು. ಈಗ ಅರ್ಜಿ ಹಾಕ್ತಿರೋದು ಯುಪಿಐ ಅಥವಾ ವಾಲೆಟ್ ಕಂಪನಿಯ ಸಪೋರ್ಟ್‌ಗೆ ಅಂದ್ಕೊಳ್ಳಿ. ಅಲ್ಲಿ ಬರೋ ದೂರು ಕೂಡ ಇದೇ: ದುಡ್ಡು ಹೋಗಿದೆ, ಸೇವೆ ಬಂದಿಲ್ಲ. ಹಾಗಾಗಿ ಅಲ್ಲಿಗೆ ಕಳಿಸೋ ರೆಸ್ಯೂಮೆಯಲ್ಲಿ ಈ ಸಾಲೇ ಮೊದಲು ಬರಬೇಕು. ಕೆಲಸಕ್ಕೆ ತಕ್ಕಂತೆ ರೆಸ್ಯೂಮೆ ತಿದ್ದೋದು ಅಂದ್ರೆ ಇದು. ನೀವು ಮಾಡಿದ ಕೆಲಸದಲ್ಲಿ ಅವರಿಗೆ ಬೇಕಾದ ಭಾಗವನ್ನು ಮೇಲಕ್ಕೆ ತರಬೇಕು, ಮಾಡದ ಕೆಲಸವನ್ನು ಸೇರಿಸಬಾರದು.

ಒಂದು ಎಚ್ಚರಿಕೆ. ಒಟ್ಟು ಅಂಕಿಯನ್ನು ಬರೀರಿ, ಆದರೆ ಹಳೆ ಕಂಪನಿಯ ಸ್ಕ್ರೀನ್‌ಶಾಟ್, ಗ್ರಾಹಕರ ಹೆಸರು ಅಥವಾ ನಂಬರ್ ಇರೋ ಹಾಳೆಯನ್ನು ಇಂಟರ್‌ವ್ಯೂಗೆ ಒಯ್ಯಬೇಡಿ. ಅಲ್ಲಿಯ ಮಾಹಿತಿ ಕದ್ದವರು ಇಲ್ಲಿಯದನ್ನೂ ಕದೀತಾರೆ ಅಂತ ಅವರು ಅಂದ್ಕೊಂಡರೆ ತಪ್ಪಿಲ್ಲ.

ಭಾಷೆಯ ಸಾಲು ಕೊನೇಲಿ ಯಾಕೆ?

ಇನ್ನು ಭಾಷೆ. ನಮ್ಮವರ ರೆಸ್ಯೂಮೆಗಳಲ್ಲಿ ಭಾಷೆ ಯಾವಾಗಲೂ ಕೊನೆಯ ಸಾಲು. ಅಪ್ಪನ ಹೆಸರು, ಹುಟ್ಟಿದ ದಿನ, ಹವ್ಯಾಸ, ಅದರ ಪಕ್ಕ "ಬಲ್ಲ ಭಾಷೆಗಳು". ಎಚ್‌ಆರ್ ಮೊದಲು ಹುಡುಕೋದನ್ನ ನಾವು ಕಟ್ಟಕಡೇಲಿ ಇಡ್ತೇವೆ. ಅದರಲ್ಲೂ ಇಂಗ್ಲಿಷ್, ಹಿಂದಿ ಮೊದಲು, ಕನ್ನಡ ಕೊನೆಗೆ. ಕನ್ನಡ ವಾಯ್ಸ್ ಪ್ರೋಸೆಸ್‌ಗೆ ಕಳಿಸೋ ರೆಸ್ಯೂಮೆಯಲ್ಲೂ ಹೀಗೇ ಇದ್ದರೆ ಏನು ಹೇಳೋದು!

ಐದು ಭಾಷೆಯನ್ನು ಒಂದೇ ಸಾಲಲ್ಲಿ ಸಾಲಾಗಿ ಬರೆದರೆ ಓದೋರಿಗೆ ಏನೂ ಗೊತ್ತಾಗಲ್ಲ. ತಂಗಿಯ ಹತ್ತಿರ ಒಂದೊಂದಾಗಿ ಕೇಳಿದೆವು. ಕನ್ನಡ: ಮಾತಾಡ್ತಾಳೆ, ಓದ್ತಾಳೆ, ಬರೀತಾಳೆ, ಫೋನಲ್ಲಿ ಟೈಪ್ ಮಾಡ್ತಾಳೆ, ಕರೆ ತಗೊಂಡಿದ್ದಾಳೆ. ತಮಿಳು: ಅದೂ ಹಾಗೇ, ಓದಿದ್ದೇ ತಮಿಳಲ್ಲಿ. ತೆಲುಗು: ಸಲೀಸಾಗಿ ಮಾತಾಡ್ತಾಳೆ, ಅಕ್ಷರ ಬರಲ್ಲ. ತೆಲುಗು ಮಾತಾಡೋರು ತಪ್ಪಿ ಅವರ ಲೈನಿಗೆ ಬಂದರೆ ಜೊತೆಯವರು ಕರೆಯನ್ನು ಇವಳಿಗೇ ಕೊಡ್ತಿದ್ದರು, ಆದರೆ ಅದರ ಲೆಕ್ಕ ಎಲ್ಲೂ ಇಲ್ಲ. ಇಂಗ್ಲಿಷ್: ಓದಿ ಬರೆದು ಕೆಲಸ ನಡೆಸ್ತಾಳೆ, ನಿಧಾನವಾಗಿ ಮಾತಾಡ್ತಾಳೆ. ಹಿಂದಿ: ಸಿನಿಮಾ ನೋಡಿದರೆ ಅರ್ಥ ಆಗುತ್ತೆ.

ಹಿಂದಿಯನ್ನು ತೆಗೆಸಿದೆವು. ಇದಕ್ಕೆ ನಮ್ಮದೇ ಕಥೆ ಇದೆ. ಮೊದಲ ಇಂಟರ್‌ವ್ಯೂಗೆ ಹೋದಾಗ ನಾವೂ ಹಿಂದಿ ಅಂತ ಬರೆದಿದ್ದೆವು. ಕನ್ನಡದಲ್ಲಿ ಚೆನ್ನಾಗಿ ಮಾತು ನಡೀತಿತ್ತು. ಅವರು ಇದ್ದಕ್ಕಿದ್ದಂತೆ ಹಿಂದಿಗೆ ತಿರುಗಿ, "ನನ್ನ ಕಾರ್ಡ್ ಕಳೆದಿದೆ, ಏನ್ ಮಾಡ್ಲಿ" ಅಂತ ಗ್ರಾಹಕರ ಹಾಗೆ ಕೇಳಿದರು. ನಮ್ಮ ಬಾಯಿ ಕಟ್ಟಿತು. ಆ ಒಂದು ನಿಮಿಷದ ಮೇಲೆ ಅವರು ನಮ್ಮ ಕನ್ನಡವನ್ನೂ ನಂಬಲಿಲ್ಲ. ವಾಯ್ಸ್ ಪ್ರೋಸೆಸ್‌ನ ಇಂಟರ್‌ವ್ಯೂನಲ್ಲಿ ಹೀಗೆ ಮಧ್ಯದಲ್ಲಿ ಭಾಷೆ ಬದಲಿಸಿ ನೋಡೋದು ಮಾಮೂಲು. ಯಾವ ಭಾಷೇಲಿ ಸಿಟ್ಟಾದ ಗ್ರಾಹಕರನ್ನು ಐದು ನಿಮಿಷ ಸಂಭಾಳಿಸಬಲ್ಲಿರೋ ಅದನ್ನು ಮಾತ್ರ "ಮಾತಾಡುತ್ತೇನೆ" ಅಂತ ಬರೀರಿ.

ಅಕ್ಷರ ಬರದ ತೆಲುಗನ್ನು ತೆಗೆಯಬೇಕಾ? ಬೇಡ. ಫೋನಿನ ಕೆಲಸಕ್ಕೆ ಮಾತೇ ಸಾಕು, ಟಿಕೆಟ್‌ನ ಟಿಪ್ಪಣಿಯನ್ನು ಬಹಳ ಕಡೆ ಇಂಗ್ಲಿಷಲ್ಲೇ ಬರೀತಾರೆ. ಆದರೆ ಚಾಟ್ ಅಥವಾ ಇಮೇಲ್ ಪ್ರೋಸೆಸ್‌ಗೆ ಅರ್ಜಿ ಹಾಕೋದಾದರೆ ಓದಿ ಟೈಪ್ ಮಾಡೋಕೆ ಬರಲೇಬೇಕು. ಹಾಗಾಗಿ "ತೆಲುಗು: ಮಾತು ಮಾತ್ರ" ಅಂತ ಬಿಡಿಸಿ ಬರೆದರೆ ಅವರಿಗೂ ಅನುಕೂಲ, ನಿಮಗೂ ಮುಜುಗರ ಇಲ್ಲ. ಕಾಸರಗೋಡಿನಲ್ಲಿ ಕನ್ನಡ ಮೀಡಿಯಂ ಓದಿ ಮಲಯಾಳ ಬರೀ ಬಾಯಲ್ಲಿ ಇರೋರಿಗೂ, ಅಕ್ಕಲಕೋಟೆಯಲ್ಲಿ ಮರಾಠಿ ಶಾಲೆಗೆ ಹೋಗಿ ಕನ್ನಡ ಮನೆ ಮಾತಾಗಿ ಮಾತ್ರ ಉಳಿದಿರೋರಿಗೂ ಇದೇ ಮಾತು ಅನ್ವಯಿಸುತ್ತೆ.

ನಮ್ಮ ಗಡಿ ಕನ್ನಡದ ಬಗ್ಗೆ ಒಂದು ಮಾತು. ನಮ್ಮ ಕನ್ನಡದಲ್ಲಿ ತಮಿಳೋ ತೆಲುಗೋ ಮರಾಠಿಯೋ ಬೆರೆತಿರುತ್ತೆ ಅಂತ ಕೆಲವರು ಹಿಂಜರೀತಾರೆ. ದನಿಯ ಬಗ್ಗೆ ನಾಚಿಕೆ ಬೇಡ. ಫೋನಲ್ಲಿ ನಿಜವಾಗಿ ಎಡವಟ್ಟಾಗೋದು ಸಂಖ್ಯೆ ಮತ್ತು ತಾರೀಕಿನಲ್ಲಿ. ಗ್ರಾಹಕರು ಮೊಬೈಲ್ ನಂಬರನ್ನು "ತೊಂಬತ್ತೆಂಟು, ನಲವತ್ನಾಲ್ಕು" ಅಂತ ಜೋಡಿ ಜೋಡಿಯಾಗಿ ಹೇಳ್ತಾರೆ. ಇಂಗ್ಲಿಷಲ್ಲೇ ನಂಬರ್ ಹೇಳಿ ಅಭ್ಯಾಸ ಆದವರಿಗೆ ಕೈ ತಡವರಿಸುತ್ತೆ. ನೀವು ರೆಸ್ಯೂಮೆಯಲ್ಲಿ ಬರೆದ ಪ್ರತಿ ಭಾಷೇಲೂ ಹತ್ತು ಅಂಕಿಯ ನಂಬರನ್ನು ಕೇಳಿ ಬರೆದುಕೊಂಡು, ತಿರುಗಿ ಓದಿ ಹೇಳೋದನ್ನ ಮನೇಲಿ ಅಭ್ಯಾಸ ಮಾಡಿ. ಇಂಟರ್‌ವ್ಯೂನಲ್ಲಿ ಇದನ್ನು ಕೇಳಬಹುದು, ಕೆಲಸಕ್ಕೆ ಸೇರಿದ ಮೇಲಂತೂ ದಿನಾ ಬೇಕು.

"ಯಾವ ಪಾಳಿಗೂ ಸಿದ್ಧ" ಅಂದ್ರೆ?

ಕೊನೆಯದು ಪಾಳಿ. ತಂಗಿ "ಯಾವುದೇ ಪಾಳಿಗೆ ಸಿದ್ಧ" ಅಂತ ಬರೆದಿದ್ದಳು. "ರಾತ್ರಿ ಹನ್ನೆರಡಕ್ಕೆ ಪಾಳಿ ಮುಗಿದರೆ ಮನೆಗೆ ಹೇಗೆ ಹೋಗ್ತೀಯ?" ಅಂದೆವು. ಹೊಸೂರಿನಿಂದ ಅವರೂರಿಗೆ ಕೊನೇ ಬಸ್ಸು ರಾತ್ರಿ ಒಂಬತ್ತಕ್ಕೆ. ಬೆಳಗ್ಗೆ ಮೊದಲನೇದು ಆರಕ್ಕೆ. ಅಂದರೆ ಎಂಟಕ್ಕೆ ಶುರುವಾಗಿ ಸಂಜೆ ಏಳರೊಳಗೆ ಮುಗಿಯೋ ಪಾಳಿ ಮಾತ್ರ ಬಸ್ಸಲ್ಲಿ ಸಾಧ್ಯ.

ಕಂಪನಿ ಕ್ಯಾಬ್ ಕೊಡುತ್ತಲ್ಲ ಅಂತ ನೀವು ಕೇಳಬಹುದು. ರಾತ್ರಿ ಪಾಳಿಯ ಮಹಿಳೆಯರಿಗೆ ವಾಹನ ಕೊಡಬೇಕು ಅಂತ ಕರ್ನಾಟಕದಲ್ಲಿ ನಿಯಮ ಇದೆ. ಆದರೆ ನಮ್ಮ ಮನೆ ಇರೋದು ಗಡಿಯ ಈಚೆ. ಕರ್ನಾಟಕದ ಬಾಡಿಗೆ ಗಾಡಿ ತಮಿಳುನಾಡಿನೊಳಗೆ ಬರಬೇಕಾದರೆ ಅದಕ್ಕೆ ತಕ್ಕ ಪರ್ಮಿಟ್ ಬೇಕು. ಜೊತೆಗೆ ಕ್ಯಾಬ್‌ಗೆ ಇಷ್ಟೇ ಕಿಲೋಮೀಟರ್ ಅಂತ ಕಂಪನಿಯ ಮಿತಿ ಇರುತ್ತೆ. ಅತ್ತಿಬೆಲೆಯಲ್ಲೇ ಇಳಿಸಿ ಹೋಗೋದುಂಟು. ಮಧ್ಯರಾತ್ರಿ ಅತ್ತಿಬೆಲೆಯಲ್ಲಿ ಇಳಿದರೆ ಅಲ್ಲಿಂದ ಮುಂದೆ? ಹಾಗಾಗಿ ಆಫರ್‌ಗೆ ಹೂಂ ಅನ್ನೋ ಮುಂಚೆ ಒಂದೇ ಪ್ರಶ್ನೆ ಕೇಳಿ: ಡ್ರಾಪ್ ಎಲ್ಲಿಯವರೆಗೆ?

ಇಲ್ಲಿ ಭಾಷೆಗೂ ಪಾಳಿಗೂ ಒಂದು ನಂಟಿದೆ. ಕಾಲ್ ಸೆಂಟರ್ ಅಂದ ಕೂಡಲೇ ರಾತ್ರಿ ಕೆಲಸ ಅಂತ ಮನೇಲಿ ಬೇಡ ಅಂತಾರೆ. ಅಮೆರಿಕದ ಗ್ರಾಹಕರ ಕೆಲಸ ಆದರೆ ಅದು ನಿಜ. ನ್ಯೂಯಾರ್ಕಿನಲ್ಲಿ ಬೆಳಗ್ಗೆ ಒಂಬತ್ತು ಅಂದ್ರೆ ನಮಗೆ ಸಂಜೆ ಆರೂವರೆ ಅಥವಾ ಏಳೂವರೆ, ಅಲ್ಲಿಂದ ಬೆಳಗಿನ ಜಾವದವರೆಗೆ ಕೆಲಸ. ಆದರೆ ಕನ್ನಡ, ತಮಿಳು, ತೆಲುಗಲ್ಲಿ ಫೋನ್ ಮಾಡೋ ಗ್ರಾಹಕರು ಇರೋದು ಇಲ್ಲೇ, ಅವರು ಹೆಚ್ಚಾಗಿ ಫೋನ್ ಮಾಡೋದು ಹಗಲಲ್ಲೇ. ಕಾರ್ಡ್ ಬ್ಲಾಕ್ ಮಾಡೋವಂಥ 24 ಗಂಟೆಯ ಲೈನುಗಳು ಬಿಟ್ಟರೆ ಪ್ರಾದೇಶಿಕ ಭಾಷೆಯ ಪ್ರೋಸೆಸ್‌ಗಳು ಬಹುಮಟ್ಟಿಗೆ ಹಗಲು ಮತ್ತು ಸಂಜೆಯವು. ಅಂದರೆ ಭಾಷೆಯ ಸಾಲನ್ನು ಸರಿಯಾಗಿ ಬರೆದವರಿಗೆ ಹಗಲು ಪಾಳಿ ಸಿಗೋ ಅವಕಾಶವೂ ಹೆಚ್ಚು.

ಹಾಗಂತ "ಹಗಲು ಪಾಳಿ ಮಾತ್ರ" ಅಂತ ಒರಟಾಗಿ ಬರೀಬೇಡಿ. ಕೊಡಬಲ್ಲದ್ದನ್ನು ಮೊದಲು ಹೇಳಿ. ಈ ತಂಗಿ ಭಾನುವಾರ, ಹಬ್ಬದ ದಿನ ಕೆಲಸ ಮಾಡಿದ್ದಾಳೆ, ವಾರದ ರಜೆ ಯಾವ ದಿನ ಕೊಟ್ಟರೂ ಒಪ್ಪಿದ್ದಾಳೆ. ಟೀವಿಯ ಕರೆಗಳು ಜಾಸ್ತಿ ಬರೋದೇ ರಜೆಯ ದಿನ. ಆ ದಿನ ಕೂರೋರು ಸಿಗೋದು ಕಷ್ಟ ಅನ್ನೋದು ಪ್ರತಿ ಟೀಮ್ ಲೀಡರ್‌ಗೂ ಗೊತ್ತು. "ಯಾವ ಪಾಳಿಗೂ ಸಿದ್ಧ" ಅನ್ನೋ ಹೊಗೆ ಮಾತಿಗಿಂತ ಇದಕ್ಕೆ ಬೆಲೆ ಹೆಚ್ಚು.

ತಿದ್ದಿದ ಮೇಲೆ

ಕೊನೆಗೆ ಆ ನಾಲ್ಕು ಸಾಲು ಹೀಗಾದವು:

• ಕನ್ನಡ ಮತ್ತು ತಮಿಳಿನಲ್ಲಿ ಡಿಟಿಎಚ್ ಗ್ರಾಹಕರ ಕರೆಗಳು, ದಿನಕ್ಕೆ ಸುಮಾರು 50, ಹದಿನಾಲ್ಕು ತಿಂಗಳು.

• ಕೊನೆಯ ಮೂರು ತಿಂಗಳಲ್ಲಿ ಶೇ. 71 ಕರೆಗಳು ಮೊದಲ ಸಲಕ್ಕೇ ಪರಿಹಾರ (7 ದಿನದಲ್ಲಿ ಮರುಕರೆ ಇಲ್ಲ). ರೀಚಾರ್ಜ್ ದೂರುಗಳಲ್ಲಿ ಹತ್ತಕ್ಕೆ ಒಂಬತ್ತು. ಮೇಲಿನವರಿಗೆ ಹೋದದ್ದು ಶೇ. 8.

• ಕನ್ನಡ, ತಮಿಳು: ಮಾತು, ಓದು, ಟೈಪಿಂಗ್. ತೆಲುಗು: ಮಾತು. ಇಂಗ್ಲಿಷ್: ಓದು, ಬರಹ, ಸಾಧಾರಣ ಮಾತು.

• ಬೆಳಗ್ಗೆ 8ರಿಂದ ಸಂಜೆ 7ರೊಳಗಿನ ಪಾಳಿ, ಭಾನುವಾರ ಮತ್ತು ಹಬ್ಬದ ದಿನ ಸೇರಿ, ವಾರದ ರಜೆ ಯಾವ ದಿನವಾದರೂ ಸರಿ. ಮನೆವರೆಗೆ ವಾಹನ ಇದ್ದರೆ ತಡ ಪಾಳಿಗೂ ಸಿದ್ಧ.

ಮೂರನೇ ಸಾಲಿನ ವಿಷಯವನ್ನು ರೆಸ್ಯೂಮೆಯ ತಲೆಯಲ್ಲಿ, ಹೆಸರಿನ ಕೆಳಗೇ ಇನ್ನೊಮ್ಮೆ ಚಿಕ್ಕದಾಗಿ ಹಾಕಿಸಿದೆವು. ತಮಿಳು ಪ್ರೋಸೆಸ್ ಆದರೆ ತಮಿಳು ಮೊದಲು, ಕನ್ನಡದ್ದಾದರೆ ಕನ್ನಡ ಮೊದಲು. ಬದಲಾಗೋದು ಕ್ರಮ ಮಾತ್ರ, ನಿಜ ಅದೇ.

ಇನ್ನೂ ಕೆಲಸಕ್ಕೇ ಸೇರದವರು ಅಂಕಿ ಎಲ್ಲಿಂದ ತರೋದು? ಮೊಬೈಲ್ ಅಂಗಡೀಲೋ ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡೀಲೋ ಕೂರೋರು ಬಹಳ ಜನ ಇದೀರಿ. ಎರಡು ವಾರ ಒಂದು ನೋಟ್‌ಬುಕ್ ಇಡಿ. ನಾಲ್ಕು ಕಲಂ ಸಾಕು: ತಾರೀಕು, ಯಾವ ಭಾಷೇಲಿ ಕೇಳಿದರು, ಏನು ತೊಂದರೆ, ಅದೇ ವಿಷಯಕ್ಕೆ ಮತ್ತೆ ಬಂದರಾ. ಗ್ರಾಹಕರ ಹೆಸರು ಬೇಡ. ಸಿಮ್ ಆಕ್ಟಿವೇಟ್ ಆಗದೆ ಮತ್ತೆ ಬಂದವರನ್ನು ಬಗೆಹರಿದ ಲೆಕ್ಕಕ್ಕೆ ಸೇರಿಸಬೇಡಿ. ಎರಡು ವಾರದ ಲೆಕ್ಕ ಅಂತಲೇ ರೆಸ್ಯೂಮೆಯಲ್ಲಿ ಬರೀರಿ. ಅದು ಚಿಕ್ಕ ಲೆಕ್ಕ, ಆದರೆ ನಿಮ್ಮದೇ ಲೆಕ್ಕ.

ತಂಗಿಯ ಕಥೆ ಇಷ್ಟು: ತಿದ್ದಿದ ರೆಸ್ಯೂಮೆಯನ್ನು ನಾಲ್ಕು ಕಡೆ ಕಳಿಸಿದಳು. ಎರಡು ಕಡೆಯಿಂದ ಸದ್ದಿಲ್ಲ. ಒಂದು ಕಡೆ ರಾತ್ರಿ ಪಾಳಿ ಅಂದರು, ಕ್ಯಾಬ್ ಎಲ್ಲಿಯವರೆಗೆ ಅಂತ ಕೇಳಿ ಇವಳೇ ಬಿಟ್ಟಳು. ನಾಲ್ಕನೇ ಕಡೆ ಮ್ಯಾನೇಜರ್ ರೆಸ್ಯೂಮೆ ಮೇಲೆ ಬೆರಳಿಟ್ಟು, "71 ಸರಿ, ಉಳಿದ 29 ಏನಾಯ್ತು?" ಅಂತ ಕೇಳಿದರಂತೆ. ಶೇಕಡಾ 8 ಮೇಲಿನವರಿಗೆ, 21 ಟೆಕ್ನಿಷಿಯನ್‌ಗೆ ಹೋದದ್ದು ಮತ್ತು ಮತ್ತೆ ಬಂದ ಕರೆ ಅಂತ ಇವಳು ಹೇಳಿದಳು. ಯಾಕೆ ಮತ್ತೆ ಬಂದರು ಅಂತ ಅವರು ಕೇಳಿದರು, ಅದನ್ನೂ ಹೇಳಿದಳು. ಆಮೇಲೆ ಮಾತು ಕನ್ನಡದಿಂದ ತಮಿಳಿಗೆ, ತಮಿಳಿಂದ ತೆಲುಗಿಗೆ ತಿರುಗಿತು. ಅಲ್ಲಿ ನಮ್ಮ ಹುಡುಗೀನ ಕೇಳಬೇಕಾ! ಒಂದನೇ ತಾರೀಕಿನಿಂದ ಎಂಟೂವರೆಯ ಪಾಳಿ.